ಹನಿ ನೀರಾವರಿ ತರಬೇತಿ ಹೀಗೆ ಮಾಡಿ: ಆರು ಫೋಟೋ, ಎಂಟು ಲೋಟ, ಒಂದು ತೋಟ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಡ್ರಿಪ್ ಬಗ್ಗೆ ತರಬೇತಿ ಮಾಡುವವರು ಒಂದೇ ಜಾಗದಲ್ಲಿ ಎಡವುವುದನ್ನು ತುಂಬಾ ಸಲ ನೋಡಿದ್ದೇನೆ. ನಾನೂ ಎಡವಿದ್ದೇನೆ. ಒಮ್ಮೆ ನಲವತ್ತಮೂರು ಸ್ಲೈಡ್ ಹಿಡಿದುಕೊಂಡು ಹೋಗಿದ್ದೆ. ಫಿಲ್ಟರಿನ ವಿಧ, ಡ್ರಿಪ್ಪರಿನ ವಿಧ, ಎಲ್ಲ ಇತ್ತು. ಚಹಾ ಕುಡಿಯುವಾಗ ಹಿರಿಯ ಕೃಷಿಕರೊಬ್ಬರು ಹತ್ತಿರ ಬಂದು ಹೇಳಿದರು: "ಅಲ್ಲ ಮಾರಾಯ್ರೇ, ನಮ್ಮ ಕೊನೆ ಸಾಲಿಗೆ ನೀರೇ ಬರುವುದಿಲ್ಲ. ಅದಕ್ಕೆ ಏನು ಮಾಡುವುದು ಅಂತ ನೀವು ಹೇಳಲೇ ಇಲ್ಲ."

ಹೇಳಿದ್ದೆ. ಇಪ್ಪತ್ತೆಂಟನೇ ಸ್ಲೈಡಿನಲ್ಲಿತ್ತು.

ನಮ್ಮ ಕಡೆ ಸ್ಲೈಡ್ ಓದಿಸುವುದಕ್ಕೆ ಇನ್ನೊಂದು ತೊಡಕು ಇದೆ. ಮುಂದೆ ಕೂತವರಲ್ಲಿ ಒಬ್ಬರು ಕನ್ನಡ ಶಾಲೆಯಲ್ಲಿ ಕಲಿತವರು, ಪಕ್ಕದವರು ಮಲಯಾಳಂ ಶಾಲೆಯವರು. ದಿನಾ ಪಂಪ್ ಹಾಕುವ ಕೆಲಸದವರು ತುಳು ಮಾತ್ರ ಮಾತಾಡುತ್ತಾರೆ. ಯಾವ ಲಿಪಿಯಲ್ಲಿ ಬರೆದರೂ ಅರ್ಧ ಜನರಿಗೆ ಅದು ಗೋಡೆಯ ಮೇಲಿನ ಗೆರೆ. ಫೋಟೋ ಮತ್ತು ಲೋಟಕ್ಕೆ ಲಿಪಿ ಇಲ್ಲ, ಅಲ್ವಾ?

ಅಡಿಕೆ ತೋಟದಲ್ಲಿ ಅರ್ಧ ದಿನದ ತರಬೇತಿ, ಇಪ್ಪತ್ತು ಇಪ್ಪತ್ತೈದು ಜನ ಅಂತ ಇಟ್ಟುಕೊಂಡು ಮುಂದಿನದನ್ನು ಬರೆದಿದ್ದೇನೆ.

## ಹಂತ 1: ಒಂದೇ ಪ್ರಶ್ನೆ ಆರಿಸಿಕೊಳ್ಳಿ

"ಹನಿ ನೀರಾವರಿ" ಅನ್ನುವುದು ಒಂದು ದಿನದ ವಿಷಯ ಅಲ್ಲ. ಡ್ರಿಪ್ ಹಾಕಿಸುವುದು ಬೇರೆ, ಗೊಬ್ಬರ ಬಿಡುವುದು ಬೇರೆ, ನಿರ್ವಹಣೆ ಬೇರೆ. ನಮ್ಮ ತೋಟಗಳಲ್ಲಿ ಡ್ರಿಪ್ ಈಗಾಗಲೇ ಇದೆ, ಆದರೆ ಎಲ್ಲ ಮರಕ್ಕೂ ಒಂದೇ ಸಮ ನೀರು ಬರುತ್ತಿಲ್ಲ. ಅದಕ್ಕೆ ನಾನು ಆರಿಸುವ ಪ್ರಶ್ನೆ ಇದು: ನನ್ನ ಎಲ್ಲ ಮರಕ್ಕೂ ನೀರು ಸಿಗುತ್ತಿದೆಯಾ, ಇಲ್ಲದಿದ್ದರೆ ಎಲ್ಲಿ ತಪ್ಪಿದೆ?

ಕರೆಯುವಾಗ ಯಜಮಾನರನ್ನು ಮಾತ್ರ ಕರೆಯಬೇಡಿ. "ಪಂಪಿನ ಸ್ವಿಚ್ ಹಾಕುವವರನ್ನೂ ಕರೆತನ್ನಿ" ಅಂತ ಸ್ಪಷ್ಟವಾಗಿ ಹೇಳಿ. ಫಿಲ್ಟರ್ ತೊಳೆಯುವುದು ಅವರೇ. ಕೆಲವು ಮನೆಗಳಲ್ಲಿ ಅದು ಮನೆಯ ಅಕ್ಕಂದಿರು. ಅವರು ಬಾರದಿದ್ದರೆ ಕಲಿತದ್ದು ಚಾವಡಿಯಲ್ಲೇ ಉಳಿಯುತ್ತದೆ.

ದಿನ ಗೊತ್ತು ಮಾಡುವಾಗ ಅಡಿಕೆ ಕೊಯ್ಲಿನ ದಿನ ತಪ್ಪಿಸಿ. ಡಿಸೆಂಬರಿನಲ್ಲಿ ಡ್ರಿಪ್ ಶುರು ಮಾಡುವ ವಾರ ಒಳ್ಳೆಯದು. ಮಳೆಗಾಲವಿಡೀ ಪೈಪಿನಲ್ಲಿ ಕೂತ ಕೆಸರು ಆಗ ಹಾಗೆಯೇ ಇರುತ್ತದೆ, ತೋರಿಸಲಿಕ್ಕೆ ಸಿಗುತ್ತದೆ. ಬೆಳಿಗ್ಗೆ ಹಾಲು ಕೊಟ್ಟು ಬರುವವರಿಗೆ ಒಂಬತ್ತೂವರೆ ಸರಿಯಾದ ಹೊತ್ತು.

## ಹಂತ 2: ಒಂದು ವಾರ ಮೊದಲು ತೋಟಕ್ಕೆ ಹೋಗಿ

ಚಂದದ ತೋಟ ಹುಡುಕಬೇಡಿ. ಸ್ವಲ್ಪ ತೊಂದರೆ ಇರುವ ತೋಟ ಬೇಕು. ಎಲ್ಲ ಸರಿ ಇರುವಲ್ಲಿ ಏನನ್ನು ತೋರಿಸುತ್ತೀರಿ? ತೋಟದವರಿಗೆ ಮೊದಲೇ ಹೇಳಿ: "ನಿಮ್ಮ ತೋಟದ ತಪ್ಪು ಎಲ್ಲರ ಮುಂದೆ ಕಾಣುತ್ತದೆ, ಆಗಬಹುದಾ?" ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಹೋದ ದಿನ ಎಂಟು ಲೋಟದ ಪರೀಕ್ಷೆ ಒಮ್ಮೆ ನೀವೇ ಮಾಡಿ. ಒಂದು ಸಬ್‌ಮೈನಿನಿಂದ, ಅಂದರೆ ಸಾಲಿನ ಪೈಪುಗಳಿಗೆ ನೀರು ಹಂಚುವ ದಪ್ಪ ಪೈಪಿನಿಂದ, ಹೊರಡುವ ಪೈಪುಗಳಲ್ಲಿ ನಾಲ್ಕನ್ನು ಆರಿಸಿ: ಮೊದಲನೆಯದು, ಕೊನೆಯದು, ನಡುವೆ ಎರಡು. ಒಂದೊಂದರಲ್ಲೂ ಆರಂಭದ ಡ್ರಿಪ್ಪರಿಗೆ ಒಂದು ಲೋಟ, ತುದಿಯ ಡ್ರಿಪ್ಪರಿಗೆ ಒಂದು ಲೋಟ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಸರಿ ಇದ್ದರೆ 3 ನಿಮಿಷಕ್ಕೆ 200 ಮಿಲಿ ಬರಬೇಕು. 8 ಲೀಟರಿನದ್ದಾದರೆ ಒಂದೂವರೆ ನಿಮಿಷಕ್ಕೇ ಅಷ್ಟು ಬರುತ್ತದೆ.

ಒಂದು ತೋಟದಲ್ಲಿ ನನಗೆ ಸಿಕ್ಕಿದ್ದು ಇದು, ಮಿಲಿ ಲೆಕ್ಕದಲ್ಲಿ:

- ಮೊದಲ ಪೈಪು: ಆರಂಭ 190, ತುದಿ 170
- ಎರಡನೆಯದು: 185, 120
- ಮೂರನೆಯದು: 180, 90
- ಕೊನೆಯದು: 160, 65

ಸರಾಸರಿ 145. ಎಂಟರಲ್ಲಿ ಅತಿ ಕಡಿಮೆ ಬಂದ ಎರಡರ ಸರಾಸರಿ 77.5. ಈ 77.5ನ್ನು 145ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 53. ಇದು 90ರ ಹತ್ತಿರ ಇರಬೇಕು, 70ಕ್ಕಿಂತ ಕೆಳಗಿಳಿದರೆ ತೋಟದಲ್ಲಿ ನೀರು ಹಂಚಿಕೆ ಕೆಟ್ಟಿದೆ ಎಂದರ್ಥ. ಈ ಲೆಕ್ಕ ನಿಮಗೆ ಮಾತ್ರ. ತರಬೇತಿಯಲ್ಲಿ ಶೇಕಡಾ ಗಿಕಡಾ ತೆಗೆಯಬೇಡಿ, ಲೋಟ ಸಾಲಾಗಿ ಇಟ್ಟರೆ ಸಾಕು.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪು: ತೊಂದರೆ ಕಂಡ ಕೂಡಲೇ ರಿಪೇರಿ ಮಾಡಿಬಿಡುವುದು. ಕೈ ತಡೆದುಕೊಳ್ಳಿ. ಫಿಲ್ಟರ್ ತೊಳೆಯಬೇಡಿ, ಪೈಪಿನ ತುದಿ ಬಿಚ್ಚಬೇಡಿ. "ಜನ ಬರುತ್ತಾರೆ" ಅಂತ ಹಿಂದಿನ ಸಂಜೆ ಎಲ್ಲವನ್ನೂ ತೊಳೆದಿಟ್ಟ ಮನೆಯವರೂ ಇದ್ದಾರೆ. ಅವರಿಗೂ ಹೇಳಿ ಬನ್ನಿ.

## ಹಂತ 3: ಫೋಟೋ ತೆಗೆಯಿರಿ

ಆರು ಸಾಕು. ಗೂಗಲ್‌ನಿಂದ ಇಳಿಸಿದ ಫೋಟೋ ಬೇಡ. ಬಯಲು ಸೀಮೆಯ ದ್ರಾಕ್ಷಿ ತೋಟ ತೋರಿಸಿದರೆ "ಅದು ಅವರದ್ದು" ಅಂತ ಜನ ಹಿಂದೆ ಒರಗುತ್ತಾರೆ. ಮುರಕಲ್ಲಿನ ಕಟ್ಟೆ, ಬಿದ್ದ ಸೋಗೆ, ಗುಡ್ಡೆ ಕೊರೆದು ನೀರು ತೆಗೆಯುವ ಸುರಂಗದ ಟಾಂಕಿ ಕಾಣಬೇಕು.

1. ತೆರೆದ ಟಾಂಕಿ, ಒಳಗೆ ಹಸಿರು ಪಾಚಿ.
2. ತೊಳೆಯದ ಫಿಲ್ಟರಿನ ಜಾಲರಿ, ಕೈಯಲ್ಲಿ ಹಿಡಿದದ್ದು.
3. ಡ್ರಿಪ್ಪರಿನ ಬಾಯಿಗೆ ಕಟ್ಟಿದ ಕೆಂಪು ಲೋಳೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ತಿಳಿಯಲಿ.
4. ಅಳಿಲು ಕಚ್ಚಿದ ಪೈಪು, ನೀರು ಚಿಮ್ಮುತ್ತಿರುವಾಗ.
5. ಒಂದೇ ಪೈಪಿನ ಎರಡು ಮರ: ಆರಂಭದ ಮರದ ಬುಡ ಒದ್ದೆ, ತುದಿಯ ಮರದ ಬುಡ ಒಣ.
6. ತುದಿ ಬಿಚ್ಚಿದಾಗ ಬರುವ ಕೆಸರು ನೀರು. ಇದನ್ನು ಇನ್ನೊಂದು ತೋಟದಲ್ಲಿ ತೆಗೆಯಿರಿ, ತರಬೇತಿಯ ತೋಟದ್ದನ್ನು ಮುಟ್ಟಬಾರದು.

ಫೋನಿನ ಕ್ಯಾಮೆರಾ ಸಾಕು. ಮಧ್ಯಾಹ್ನ ಅಡಿಕೆ ತೋಟದ ಒಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಫೋಟೋದಲ್ಲಿ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ತೆಗೆಯಿರಿ. ಸಣ್ಣ ವಸ್ತುವಿಗೆ ಜೂಮ್ ಮಾಡುವ ಬದಲು ಹತ್ತಿರ ಹೋಗಿ. ತೆಗೆದ ಫೋಟೋವನ್ನು ಫೋನಿನಲ್ಲೇ ಕೈ ಚಾಚಿ ಹಿಡಿದು ನೋಡಿ. ಏನು ತಪ್ಪಿದೆ ಅಂತ ಎರಡು ಕ್ಷಣದಲ್ಲಿ ನಿಮಗೇ ತಿಳಿಯದಿದ್ದರೆ ಅದು ಬೇಡ.

## ಹಂತ 4: ಸ್ಲೈಡಿನಲ್ಲಿ ಏನು ಬರೆಯುವುದು

ಹೆಚ್ಚುಕಡಿಮೆ ಏನೂ ಬೇಡ. ಒಂದು ಸ್ಲೈಡಿಗೆ ಒಂದು ಫೋಟೋ, ಪರದೆ ತುಂಬ. ಕ್ಯಾಪ್ಶನ್ ಇಲ್ಲ. ಕನ್ನಡದಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು ಹಾಕಿದರೆ ಫೋಟೋ ಸಣ್ಣದಾಗುತ್ತದೆ, ಜನ ಅಕ್ಷರ ನೋಡುತ್ತಾರೆ.

ಅಕ್ಷರ ಇರುವ ಸ್ಲೈಡ್ ಒಂದೇ: "3 ನಿಮಿಷ = 200". ಅಂಕಿ ಎಲ್ಲರೂ ಓದುತ್ತಾರೆ. ದೊಡ್ಡದಾಗಿ ಹಾಕಿ.

ನೀವು ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಿಸೆಯಲ್ಲಿಡಿ. ಸ್ಲೈಡಿನಲ್ಲಿ ಬರಹ ಜಾಸ್ತಿಯಾಗುವುದು ನಮಗೆ ಮರೆತುಹೋಗುತ್ತದೆ ಅನ್ನುವ ಹೆದರಿಕೆಯಿಂದ, ಕೃಷಿಕರಿಗೆ ಬೇಕು ಅಂತ ಅಲ್ಲ.

ಅಂಗಳದಲ್ಲಿ ಹಗಲು ಪ್ರೊಜೆಕ್ಟರ್ ಹಾಕಿದರೆ ಫೋಟೋ ಮಾಸಿ ಕಾಣುತ್ತದೆ. ಕರೆಂಟೂ ಹೇಳಿ ಹೋಗುವುದಿಲ್ಲ. ಹಾಗಾಗಿ ಆರೂ ಫೋಟೋಗಳನ್ನು ಎ3 ಗಾತ್ರದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ. ಈಗ ನಾನು ಪ್ರೊಜೆಕ್ಟರ್ ಒಯ್ಯುವುದನ್ನೇ ಬಿಟ್ಟಿದ್ದೇನೆ. ಕೈಯಿಂದ ಕೈಗೆ ಹೋಗುವ ಫೋಟೋದ ಮೇಲೆ ಜನ ಬೆರಳಿಟ್ಟು ಮಾತಾಡುತ್ತಾರೆ, ಪರದೆಯ ಮೇಲೆ ಇಡುವುದಿಲ್ಲ.

## ಹಂತ 5: ಸಾಮಾನು ಕಟ್ಟಿಕೊಳ್ಳಿ

ಪಾರದರ್ಶಕ ಪ್ಲಾಸ್ಟಿಕ್ ಲೋಟ ಪರೀಕ್ಷೆಗೆ ಹದಿನಾರು, ಹೊರಡುವಾಗ ಕೊಟ್ಟು ಕಳಿಸಲು ಒಬ್ಬೊಬ್ಬರಿಗೆ ನಾಲ್ಕರಂತೆ ಬೇರೆ, ಎಲ್ಲ ಒಂದೇ ಅಳತೆಯವು, 250 ಮಿಲಿಗಿಂತ ದೊಡ್ಡವು. 200ರ ಗುರುತಿಗೆ ಕಪ್ಪು ಟೇಪ್ ಸುತ್ತಿ. ಸ್ಟೀಲ್ ಲೋಟ ಆಗುವುದಿಲ್ಲ, ನೀರಿನ ಮಟ್ಟ ಹಿಂದಿನವರಿಗೆ ಕಾಣುವುದಿಲ್ಲ.

ಒಂದು ಬಿಳಿ ಬಾಲ್ದಿ, ಮತ್ತೆರಡು ಸಾದಾ ಬಾಲ್ದಿ, ಒಂದು ಲೀಟರಿನ ಪಾರದರ್ಶಕ ಬಾಟಲಿ ಎರಡು. ಹಲ್ಲುಜ್ಜುವ ಹಳೆಯ ಬ್ರಶ್. ಒಂದಷ್ಟು ಹೊಸ ಡ್ರಿಪ್ಪರ್ ಮತ್ತು ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪ್. ಒಂದು ಸೀಟಿ. ಪ್ರೆಶರ್ ಗೇಜ್ ಸಿಕ್ಕಿದರೆ ಎರಡು, ಫಿಲ್ಟರಿನ ಎರಡೂ ಬದಿಗೆ. ನೂಲು ಮರೆಯಬೇಡಿ, ಅದು ಯಾಕೆ ಅಂತ ಮುಂದೆ ಬರುತ್ತದೆ.

ಹಿಂದಿನ ಸಂಜೆ ತೋಟಕ್ಕೆ ಹೋಗಿ ಮಾಡಬೇಕಾದ ಕೆಲಸ ಎರಡು. ಬೋರ್‌ವೆಲ್ಲಿನಿಂದ ಒಂದು ಬಾಟಲಿ ನೀರು ಹಿಡಿದು ಮುಚ್ಚಳ ಸಡಿಲವಾಗಿಟ್ಟು ಬಿಡಿ. ಎಂಟು ಡ್ರಿಪ್ಪರಿನ ಕೆಳಗೆ ಸೋಗೆ, ಹಾಳೆ ಸರಿಸಿ ಲೋಟ ಕೂರುವಷ್ಟು ಗುಂಡಿ ತೋಡಿ.

## ಹಂತ 6: ಆ ದಿನದ ಕ್ರಮ

ಕ್ರಮ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಮೊದಲು ಫೋಟೋ ತೋರಿಸಿ ಆಮೇಲೆ ತೋಟಕ್ಕೆ ಕರೆದುಕೊಂಡು ಹೋಗುವುದು ರೂಢಿ. ನಾನು ತಿರುಗಿಸಿ ಮಾಡುತ್ತೇನೆ. ಮೊದಲು ಲೋಟ. ತೊಂದರೆ ಕಣ್ಣಿಗೆ ಬಿದ್ದ ಮೇಲೆ "ಯಾಕೆ?" ಅನ್ನುವ ಪ್ರಶ್ನೆ ಅವರಿಂದಲೇ ಬರುತ್ತದೆ. ಆಗ ಫೋಟೋಕ್ಕೆ ಕೆಲಸ ಸಿಗುತ್ತದೆ.

ಲೋಟ ಇಡುವುದು. ಪಂಪ್ ಹಾಕಿ ಹತ್ತು ನಿಮಿಷ ಕಾಯಿರಿ, ಪ್ರೆಶರ್ ನಿಲ್ಲಲಿ. ಒಂದು ಲೋಟಕ್ಕೆ ಒಬ್ಬರನ್ನು ನಿಲ್ಲಿಸಿ. ಪೈಪನ್ನು ಎತ್ತಿ ಹಿಡಿದು ಲೋಟಕ್ಕೆ ಬಗ್ಗಿಸುವವರು ಇದ್ದೇ ಇರುತ್ತಾರೆ. ಹಾಗೆ ಮಾಡಿದರೆ ಸೇರಿದ ಕಸ ಅಲ್ಲಾಡಿ ನೀರು ಹೆಚ್ಚುಕಡಿಮೆಯಾಗುತ್ತದೆ. ಗುಂಡಿ ತೋಡಿದ್ದು ಅದಕ್ಕೇ. ಕೆಲವು ಡ್ರಿಪ್ಪರಿನ ನೀರು ಕೆಳಗೆ ಬೀಳದೆ ಪೈಪಿನ ಹೊಟ್ಟೆ ಹಿಡಿದುಕೊಂಡು ಹರಿಯುತ್ತದೆ. ಅಲ್ಲಿ ಡ್ರಿಪ್ಪರಿನ ಎರಡೂ ಬದಿಗೆ ನೂಲು ಕಟ್ಟಿ ಲೋಟದೊಳಗೆ ಇಳಿಬಿಡಿ. ಸೀಟಿ ಹೊಡೆದಾಗ ಇಡುವುದು, ಮೂರು ನಿಮಿಷಕ್ಕೆ ಮತ್ತೆ ಸೀಟಿ, ತೆಗೆಯುವುದು.

ಲೋಟಗಳನ್ನು ಒಂದು ಬೆಂಚಿನ ಮೇಲೆ ತೋಟದಲ್ಲಿ ಇದ್ದ ಕ್ರಮದಲ್ಲೇ ಇಡಿ. ಹಿಂದೆ ಬಿಳಿ ಕಾಗದ ನಿಲ್ಲಿಸಿ. ಬಟ್ಟೆಗೆ ಹಾಕುವ ನೀಲಿ ಒಂದೊಂದು ಹನಿ ಬಿಟ್ಟರೆ ದೂರದಿಂದಲೂ ಮಟ್ಟ ಕಾಣುತ್ತದೆ. ಈಗ ಸುಮ್ನೆ ನಿಲ್ಲಿ. ಕಷ್ಟ, ಆದರೆ ಒಂದು ನಿಮಿಷ ಮಾತಾಡಬೇಡಿ. ಯಾರಾದರೂ "ಇದು ಯಾವ ಸಾಲಿನದ್ದು?" ಅಂತ ಕೇಳುತ್ತಾರೆ.

ಬಾಲ್ದಿ. ಲೋಟದ ವ್ಯತ್ಯಾಸ ಮರಕ್ಕೆ ಏನು ಅಂತ ತೋರಿಸಬೇಕು. ಬೇಸಿಗೆಯಲ್ಲಿ ಅಡಿಕೆ ಮರಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಕೊಡಬೇಕು ಅನ್ನುವುದು ಸಾಮಾನ್ಯ ಶಿಫಾರಸು. ಮರಕ್ಕೆ 4 ಲೀಟರಿನ ಡ್ರಿಪ್ಪರ್ ಎರಡು, ಎರಡು ಗಂಟೆ ಪಂಪ್: 16 ಲೀಟರ್. ಮೂರು ನಿಮಿಷಕ್ಕೆ 65 ಮಿಲಿ ಕೊಡುವ ಡ್ರಿಪ್ಪರ್ ಗಂಟೆಗೆ 1.3 ಲೀಟರ್ ಕೊಡುತ್ತದೆ. ಎರಡೂ ಹಾಗೆ ಇದ್ದರೆ ಅದೇ ಎರಡು ಗಂಟೆಯಲ್ಲಿ ಮರಕ್ಕೆ ಸಿಕ್ಕಿದ್ದು ಬರೀ 5 ಲೀಟರ್ ಚಿಲ್ಲರೆ. ಒಂದು ಮರದ ಬುಡದಲ್ಲಿ 16 ಲೀಟರಿನ ಬಾಲ್ದಿ ಇಡಿ, ತುದಿಯ ಮರದ ಬುಡದಲ್ಲಿ 5 ಲೀಟರ್ ಇರುವ ಬಾಲ್ದಿ ಇಡಿ. ಗುಣಾಕಾರ ಹೇಳಬೇಕಾಗಿಲ್ಲ. "ಕರೆಂಟ್ ಬಿಲ್ ಎರಡಕ್ಕೂ ಒಂದೇ" ಅಂತ ಒಮ್ಮೆ ಒಬ್ಬರು ತಾವಾಗಿಯೇ ಹೇಳಿದರು.

ಫೋಟೋ ಹಂಚುವುದು. ಈಗ ಆರು ಫೋಟೋ ಕೊಡಿ. ನೀವು ವಿವರಿಸಬೇಡಿ. "ನಿಮ್ಮ ತೋಟದಲ್ಲಿ ಯಾವುದು ಇದೆ?" ಅಂತ ಕೇಳಿ. ಕೆಂಪು ಲೋಳೆಯ ಫೋಟೋ ಬಂದಾಗ ಬಾಟಲಿ ಹೊರತೆಗೆಯಿರಿ. ನಿನ್ನೆ ಸಂಜೆ ಹಿಡಿದ ನೀರು ಕೆಂಪಾಗಿ ತಳದಲ್ಲಿ ಗಸಿ ಕೂತಿದ್ದರೆ ಬೋರಿನಲ್ಲಿ ಕಬ್ಬಿಣದ ಅಂಶ ಇದೆ. ಪಕ್ಕದಲ್ಲಿ ಆಗಷ್ಟೇ ಹಿಡಿದ ಬಾಟಲಿ ಇಡಿ, ಅದು ತಿಳಿಯಾಗಿರುತ್ತದೆ. "ಬರುವಾಗ ಕನ್ನಡಿ ಹಾಗೆ ಇತ್ತಲ್ಲ" ಅನ್ನುವವರಿಗೆ ಇದೇ ಉತ್ತರ: ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಅಂಥವರು ನೀರನ್ನು ಮೇಲಿನಿಂದ ಟಾಂಕಿಗೆ ಬೀಳಿಸಿ, ಗಸಿ ಕೂರಲು ಬಿಟ್ಟು, ಆಮೇಲೆ ಫಿಲ್ಟರಿಗೆ ಬಿಡಬೇಕು. ಸುರಂಗದ ನೀರು ತೆರೆದ ಟಾಂಕಿಯಲ್ಲಿ ನಿಂತರೆ ಬರುವ ತೊಂದರೆ ಬೇರೆ. ಅಲ್ಲಿ ಪಾಚಿ ಬೆಳೆಯುತ್ತದೆ, ಟಾಂಕಿಗೆ ಬಿಸಿಲು ಬೀಳದ ಹಾಗೆ ಮುಚ್ಚಬೇಕು.

ಫಿಲ್ಟರ್. ಬಿಚ್ಚುವ ಮೊದಲು ಗೇಜ್ ತೋರಿಸಿ. ನಾನು ಮೊದಲು ಲೋಟದ ಲೆಕ್ಕ ಕೊಟ್ಟ ತೋಟದಲ್ಲಿ ಫಿಲ್ಟರಿಗೆ ನೀರು ಬರುವ ಬದಿಗೆ 1.8 ಕಿಲೋ ಪ್ರೆಶರ್, ಹೊರಡುವ ಬದಿಗೆ 1.0 ಇತ್ತು. ವ್ಯತ್ಯಾಸ 0.8. ಅರ್ಧ ಕಿಲೋ ದಾಟಿದರೆ ತೊಳೆಯುವ ಹೊತ್ತಾಯಿತು ಅಂತ ಲೆಕ್ಕ. ಪಂಪ್ ನಿಲ್ಲಿಸಿ, ಪ್ರೆಶರ್ ಇಳಿದ ಮೇಲೆ ಮುಚ್ಚಳ ತೆಗೆಯಿರಿ. ತೆಗೆಯುವುದು ನೀವಲ್ಲ, ಆ ಮನೆಯಲ್ಲಿ ಪಂಪ್ ಹಾಕುವವರು. ಜಾಲರಿಯನ್ನು ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು. ತಂತಿಯ ಬ್ರಶ್ ಹಾಕಿ ಜಾಲರಿ ಹರಿದವರಿದ್ದಾರೆ, ಹರಿದ ಜಾಲರಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಬೆಳಕಿಗೆ ಹಿಡಿದು ತೂತು ನೋಡಲು ಹೇಳಿ. ಮುಚ್ಚುವಾಗ ರಬ್ಬರ್ ರಿಂಗ್ ತನ್ನ ಜಾಗದಲ್ಲಿ ಕೂತಿರಬೇಕು, ಇಲ್ಲವಾದರೆ ಕಸ ಪಕ್ಕದಿಂದ ನುಗ್ಗುತ್ತದೆ. ಆ ದಿನ ತೊಳೆದ ಮೇಲೆ ವ್ಯತ್ಯಾಸ 0.2ಕ್ಕೆ ಇಳಿಯಿತು.

ತುದಿ ಬಿಚ್ಚುವುದು. ಮೊದಲು ಸಬ್‌ಮೈನಿನ ಫ್ಲಶ್ ವಾಲ್ವ್, ಆಮೇಲೆ ಪೈಪುಗಳು. ಉತ್ಸಾಹದಲ್ಲಿ ಎಲ್ಲ ಎಂಡ್ ಕ್ಯಾಪ್ ಒಟ್ಟಿಗೆ ಬಿಚ್ಚಿದರೆ ನೀರಿನ ವೇಗ ಹೋಗುತ್ತದೆ, ಕೆಸರು ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ ಎರಡೋ ಮೂರೋ, ನೀರು ತಿಳಿಯಾಗುವವರೆಗೆ. ಮೊದಲ ನೀರನ್ನು ಬಿಳಿ ಬಾಲ್ದಿಗೆ ಹಿಡಿಯಿರಿ. ಜನ ಗುಂಪು ಸೇರುವುದು ಇಲ್ಲಿಯೇ, ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಮತ್ತೆ ಲೋಟ. ಅದೇ ಎಂಟು ಜಾಗ, ಹೊಸ ಎಂಟು ಲೋಟ. ಹಳೆಯದನ್ನು ಚೆಲ್ಲಬೇಡಿ, ಮುಂದೆಯೇ ಇಡಿ. ನಮಗೆ ಆ ದಿನ, ತುಂಬಾ ಕಟ್ಟಿದ್ದ ಎರಡು ಡ್ರಿಪ್ಪರ್ ಬದಲಿಸಿದ ಮೇಲೆ, ಸಿಕ್ಕಿದ್ದು 195–190, 190–185, 185–165, 180–150. ಕೊನೆಯ ತುದಿ ಇನ್ನೂ ಕಡಿಮೆಯೇ. ಅದನ್ನು ಮುಚ್ಚಿಡಬೇಡಿ. ಆ ಪೈಪು ಗುಡ್ಡೆಯ ಬದಿಗೆ ಏರಿ ಹೋಗುತ್ತಿತ್ತು. ಹತ್ತು ಮೀಟರ್ ಏರಿದರೆ ಒಂದು ಕಿಲೋ ಪ್ರೆಶರ್ ಹೋಗುತ್ತದೆ, ತೊಳೆದರೆ ಅದು ಸರಿಯಾಗುವುದಿಲ್ಲ. ಅಲ್ಲಿ ಪೈಪನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಬೇಕು, ಅಥವಾ ಪ್ರೆಶರ್ ಹೆಚ್ಚುಕಡಿಮೆಯಾದರೂ ಒಂದೇ ಸಮ ನೀರು ಕೊಡುವ ಡ್ರಿಪ್ಪರ್ ಹಾಕಬೇಕು.

## ಹಂತ 7: ಲೋಟ ನೋಡಿ ರೋಗ ಹೇಳುವುದು

ಮನೆಗೆ ಹೋಗಿ ಅವರೇ ಲೋಟ ಇಟ್ಟಾಗ ಏನನ್ನು ನೋಡಬೇಕು ಅಂತ ಇಷ್ಟು ಕಲಿಸಿ ಕಳಿಸಿ. ಎಲ್ಲ ಲೋಟವೂ ಒಂದೇ ಸಮ ಕಡಿಮೆ ಇದ್ದರೆ ಫಿಲ್ಟರ್ ಅಥವಾ ಪಂಪ್. ಆರಂಭ ಚೆನ್ನಾಗಿದ್ದು ತುದಿ ಮಾತ್ರ ಕಡಿಮೆಯಾದರೆ ಪೈಪಿನೊಳಗೆ ಕೆಸರು. ಅಲ್ಲೊಂದು ಇಲ್ಲೊಂದು ಕಡಿಮೆಯಾದರೆ ಆಯಾ ಡ್ರಿಪ್ಪರ್ ಕಟ್ಟಿದೆ. ಕೆಳಗಿನ ಬೈಲಿನದ್ದು ತುಂಬಿ ಮೇಲಿನದ್ದು ಖಾಲಿಯಾದರೆ ಇಳಿಜಾರು.

ಇದನ್ನು ಬಾಯಲ್ಲಿ ಹೇಳಿ ಮುಗಿಸಬೇಡಿ. ನಾಲ್ಕು ಲೋಟಕ್ಕೆ ನೀವೇ ಬೇರೆ ಬೇರೆ ಮಟ್ಟದಲ್ಲಿ ನೀರು ಹಾಕಿ ಇಟ್ಟು, "ಈಗ ಎಲ್ಲಿಗೆ ಹೋಗುತ್ತೀರಿ?" ಅಂತ ಕೇಳಿ. ಉತ್ತರ ಬಾಯಲ್ಲಿ ಬೇಡ. ಫಿಲ್ಟರಿನ ಹತ್ತಿರವೋ ಪೈಪಿನ ತುದಿಗೋ ಅವರು ನಡೆದುಕೊಂಡು ಹೋಗಬೇಕು.

## ತೋರಿಸಬಾರದ್ದು

ಆಸಿಡ್ ಬಿಟ್ಟು ಪೈಪ್ ತೊಳೆಯುವುದನ್ನು ತೋರಿಸಿ ಅಂತ ಖಂಡಿತ ಕೇಳುತ್ತಾರೆ. ಇಪ್ಪತ್ತೈದು ಜನರ ನಡುವೆ, ಮಕ್ಕಳು ಓಡಾಡುವಲ್ಲಿ ಬೇಡ. ಕೈಗವಸು, ಕನ್ನಡಕ ಇಲ್ಲದೆ ಮಾಡುವ ಕೆಲಸ ಅಲ್ಲ. ಎರಡು ಮಾತು ಮಾತ್ರ ಹೇಳಿ: ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರು ಹಾಕಬಾರದು. ಪಾಚಿಗೆ ಅಂತ ಬ್ಲೀಚಿಂಗ್ ಪೌಡರ್, ಕೆಂಪಿಗೆ ಅಂತ ಆಸಿಡ್, ಎರಡನ್ನೂ ಒಟ್ಟಿಗೆ ಸೇರಿಸಲೇಬಾರದು. ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

## ತರಬೇತಿ ದಾರಿ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ

ಸಬ್ಸಿಡಿ. ಈ ಮಾತು ಎದ್ದರೆ ಒಂದು ಗಂಟೆ ಹೋಯಿತು. ಕೇಂದ್ರದ ಯೋಜನೆಯಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ನಿಗದಿಪಡಿಸಿದ ವೆಚ್ಚದ ಶೇ 55, ಉಳಿದವರಿಗೆ ಶೇ 45 ಅಂತ ಇದೆ. ಈಗಿನ ಅರ್ಜಿ, ಕಾಗದಪತ್ರದ ವಿಚಾರ ಕೃಷಿಭವನದಲ್ಲಿ ಕೇಳಿ ಬಂದು ಒಂದು ಚೀಟಿಯಲ್ಲಿ ಬರೆದು ಊಟದ ಜಾಗದಲ್ಲಿ ಅಂಟಿಸಿ. "ಊಟಕ್ಕೆ ಅಲ್ಲಿ ಮಾತಾಡುವ" ಅಂದರೆ ಮುಗಿಯಿತು.

ಇನ್ನೊಂದು ಗುರುತು: ನಿಮ್ಮ ಕೈ ಒದ್ದೆಯಾಗಿದ್ದು ಅವರ ಕೈ ಒಣಗಿದ್ದರೆ ನೀವು ಪ್ರದರ್ಶನ ಕೊಡುತ್ತಿದ್ದೀರಿ. ಬ್ರಶ್ ಅವರ ಕೈಗೆ ಕೊಡಿ. ಹಾಗೆಯೇ ಹಿಂದೆ ನಿಂತವರು ಅಡಿಕೆ ಧಾರಣೆ ಮಾತಾಡಲು ಶುರು ಮಾಡಿದರೆ ಅವರಿಗೆ ಲೋಟ ಕಾಣುತ್ತಿಲ್ಲ ಅಂತ ಅರ್ಥ. ಬೆಂಚನ್ನು ಎತ್ತರಕ್ಕೆ ತನ್ನಿ.

## ಹಂತ 8: ಎರಡು ವಾರದ ನಂತರ

ಹೊರಡುವಾಗ ಒಬ್ಬೊಬ್ಬರಿಗೆ ನಾಲ್ಕು ಲೋಟ ಕೊಟ್ಟು ಕಳಿಸಿ, ಟೇಪ್ ಸುತ್ತಿದವು. ಎರಡು ವಾರದೊಳಗೆ ಅವರ ತೋಟದ ನಾಲ್ಕು ಲೋಟ ಸಾಲಾಗಿಟ್ಟು ವಾಟ್ಸಾಪಿನಲ್ಲಿ ಫೋಟೋ ಕಳಿಸಲು ಹೇಳಿ. ಬರಹ ಬೇಡ, ಫೋಟೋ ಸಾಕು. ಬಂದ ಫೋಟೋಗಳೇ ನಿಮ್ಮ ಮುಂದಿನ ತರಬೇತಿಯ ಸಾಮಾನು.

ಕಳೆದ ಸಲ ಬಂದ ಮೊದಲ ಫೋಟೋದಲ್ಲಿ ನಾಲ್ಕೂ ಲೋಟ ಟೇಪಿಗಿಂತ ಎರಡು ಬೆರಳು ಕೆಳಗೆ, ಒಂದೇ ಸಮ. ನಾನು ಉತ್ತರ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಅವರದ್ದೇ ಇನ್ನೊಂದು ಫೋಟೋ ಬಂತು: ಅಂಗೈ ಮೇಲೆ ಫಿಲ್ಟರಿನ ಜಾಲರಿ, ಅರ್ಧ ತೊಳೆದದ್ದು.